ಶುಗರ್, ಬಿಪಿ ಮುಚ್ಚಿಟ್ಟರೆ ಕ್ಲೇಮ್ ಹೊತ್ತಲ್ಲಿ ಪೆಟ್ಟು: ಆರೋಗ್ಯ ವಿಮೆ ಫಾರಂ ತುಂಬುವ ಮುನ್ನ ತಿಳಿದಿರಬೇಕಾದ್ದು

ಆರೋಗ್ಯ ವಿಮೆ ಮಾಡಿಸುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಶುಗರ್, ಬಿಪಿ, ಥೈರಾಯ್ಡ್, ಹೃದಯದ ತೊಂದರೆ, ಹಿಂದಿನ ಆಪರೇಷನ್ ಬಗ್ಗೆ ಪ್ರಶ್ನೆಗಳಿರುತ್ತವೆ. ಬಹಳ ಕಡೆ ಈ ಭಾಗವನ್ನು ಏಜೆಂಟರೇ ತಮ್ಮ ಮೊಬೈಲ್‌ನಲ್ಲಿ ತುಂಬುತ್ತಾರೆ. ‘ಶುಗರ್ ಅಂತ ಹಾಕಿದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಇಲ್ಲ ಅಂತ ಹಾಕ್ತೀನಿ ಬಿಡಿ ಅಣ್ಣ’ ಎಂದು ಎಲ್ಲದಕ್ಕೂ ‘ಇಲ್ಲ’ ಒತ್ತಿ, ಗ್ರಾಹಕರ ಫೋನ್‌ಗೆ ಬಂದ ಒಟಿಪಿ ಕೇಳುತ್ತಾರೆ. ಆ ಒಟಿಪಿ ಕೊಟ್ಟರೆ ಸಹಿ ಹಾಕಿದಂತೆ. ಬೆರಳು ಒತ್ತಿದ್ದು ಏಜೆಂಟರಾದರೂ ಉತ್ತರದ ಹೊಣೆ ಪಾಲಿಸಿದಾರರದ್ದೇ.

ಮೊದಲೇ ಇರುವ ಕಾಯಿಲೆ ಅಂದರೆ ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಮಾಡಿದ್ದು, ಇಲ್ಲವೇ ಚಿಕಿತ್ಸೆ ಹೇಳಿದ್ದು ಅಥವಾ ಪಡೆದದ್ದು. ಫಾರಂನಲ್ಲಿ ‘ಈ ಹಿಂದೆ ಎಂದಾದರೂ’ ಎಂಬ ಪ್ರಶ್ನೆ ಇದ್ದರೆ ಅದಕ್ಕೂ ಹಳೆಯದನ್ನು ಹೇಳಲೇಬೇಕು. ತನಗೇ ಗೊತ್ತಿಲ್ಲದ ಕಾಯಿಲೆಯನ್ನು ಬರೆಯದಿದ್ದರೆ ಅದು ಮುಚ್ಚಿಟ್ಟಂತಲ್ಲ.

ಲೆಕ್ಕ ಹೀಗಿದೆ

ಉದಾಹರಣೆಗೆ, 48 ವರ್ಷದ ಒಬ್ಬ ಕಿರಾಣಿ ಅಂಗಡಿ ಮಾಲೀಕರು ನಾಲ್ಕು ವರ್ಷದಿಂದ ಶುಗರ್ ಮಾತ್ರೆ ತಗೊಳ್ತಿದ್ದಾರೆ ಎಂದಿಟ್ಟುಕೊಳ್ಳಿ. ಪ್ರೀಮಿಯಂ ವರ್ಷಕ್ಕೆ 18,000 ರೂಪಾಯಿ. ಶುಗರ್ ಇದೆ ಎಂದು ಹೇಳಿದ್ದರೆ 3,000 ಹೆಚ್ಚಾಗುತ್ತಿತ್ತು. ಅದನ್ನು ಉಳಿಸಲು ‘ಇಲ್ಲ’ ಎಂದು ಹಾಕಿಸಿದರು. ಎರಡನೇ ವರ್ಷ ಡೆಂಗಿ ಬಂದು ಆಸ್ಪತ್ರೆ ಸೇರಿದಾಗ ಬಿಲ್ 72,000 ಆಯಿತು.

ದಾಖಲು ಮಾಡಿಕೊಳ್ಳುವಾಗ ಡ್ಯೂಟಿ ಡಾಕ್ಟರ್ ‘ಬೇರೆ ಏನಾದ್ರೂ ಕಾಯಿಲೆ ಇದೆಯಾ, ಯಾವ ಮಾತ್ರೆ ತಗೋತೀರಿ’ ಎಂದು ಕೇಳುತ್ತಾರೆ. ಚಿಕಿತ್ಸೆಗೆ ಅದು ಬೇಕೇ ಬೇಕು. ಮನೆಯವರು ‘ಐದಾರು ವರ್ಷದಿಂದ ಶುಗರ್ ಇದೆ’ ಎನ್ನುತ್ತಾರೆ. ಅದು ಕೇಸ್ ಶೀಟ್‌ಗೆ ಹೋಗುತ್ತದೆ, ಡಿಸ್ಚಾರ್ಜ್ ಸಮ್ಮರಿಗೂ ಬರುತ್ತದೆ. ಕಂಪನಿ ಅದನ್ನೂ ಫಾರಂನ ‘ಇಲ್ಲ’ವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಅನುಮಾನ ಬಂದರೆ ಹಳೆಯ ಚೀಟಿ, ಲ್ಯಾಬ್ ರಿಪೋರ್ಟ್ ಕೇಳುತ್ತದೆ.

ಡೆಂಗಿಗೂ ಶುಗರ್‌ಗೂ ಸಂಬಂಧವಿಲ್ಲ ಎಂಬ ವಾದ ಇಲ್ಲಿ ನಿಲ್ಲುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಕಂಪನಿಯ ತಕರಾರು ಕಾಯಿಲೆಯ ಬಗ್ಗೆ ಅಲ್ಲ, ಮಾಹಿತಿ ಮುಚ್ಚಿಟ್ಟು ಒಪ್ಪಂದ ಮಾಡಿಕೊಂಡ ಬಗ್ಗೆ. ಹಾಗಾಗಿ ಕ್ಲೇಮ್ ತಿರಸ್ಕಾರವಾಗಬಹುದು, ಪಾಲಿಸಿಯೇ ರದ್ದಾಗಬಹುದು. ಎರಡು ವರ್ಷಕ್ಕೆ ಉಳಿದದ್ದು 6,000. ಕೈಬಿಟ್ಟದ್ದು 72,000 ಮತ್ತು 50ರ ವಯಸ್ಸಿನಲ್ಲಿ ವಿಮೆ.

ಅವರು ಮೊದಲೇ ಹೇಳಿದ್ದರೆ ಶುಗರ್‌ಗೆ ಸಂಬಂಧಿಸಿದ ಚಿಕಿತ್ಸೆಗೆ ಮಾತ್ರ ಕಾಯುವ ಅವಧಿ ಇರುತ್ತಿತ್ತು. ಈಗಿನ ನಿಯಮದಂತೆ ಅದು 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಡೆಂಗಿಗೆ ಸಾಮಾನ್ಯವಾಗಿ ಮೊದಲ 30 ದಿನ ಕಳೆದರೆ ಸಾಕು, ಕ್ಲೇಮ್ ಸಿಗುತ್ತಿತ್ತು.

‘ಐದು ವರ್ಷ ತಳ್ಳಿದ್ರೆ ಆಯ್ತು’ ಎನ್ನುವವರಿದ್ದಾರೆ. 2024ರಿಂದ ಈ ಅವಧಿ 8 ವರ್ಷದಿಂದ 5 ವರ್ಷಕ್ಕೆ ಇಳಿದಿರುವುದು ನಿಜ. ತಪ್ಪದೆ 60 ತಿಂಗಳು ನಡೆದ ಪಾಲಿಸಿಯಲ್ಲಿ ‘ಮಾಹಿತಿ ಕೊಟ್ಟಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. ಆ ಐದು ವರ್ಷದೊಳಗೆ ಆಸ್ಪತ್ರೆ ಸೇರುವುದಿಲ್ಲ ಎಂಬ ಗ್ಯಾರಂಟಿಯೂ ಯಾರಿಗೂ ಇಲ್ಲ.

ಫಾರಂ ತುಂಬುವಾಗ

ಕಾಯಿಲೆಯ ಹೆಸರು, ಯಾವ ವರ್ಷದಿಂದ, ಯಾವ ಮಾತ್ರೆ ಎಂಬುದನ್ನು ಚೀಟಿ ನೋಡಿ ಬರೆಸಬೇಕು. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಫಾರಂನಲ್ಲಿ ಇರಬೇಕು. ಪಾಲಿಸಿ ಜೊತೆ ಬರುವ ಪ್ರಪೋಸಲ್ ಪ್ರತಿಯನ್ನು ಓದಬೇಕು. ತಪ್ಪಿದ್ದರೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಬೇಡವೆನಿಸಿದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸಲೂ ಅವಕಾಶವಿದೆ.

ಈಗಾಗಲೇ ಮುಚ್ಚಿಟ್ಟವರು ಕ್ಲೇಮ್ ಬರುವ ಮೊದಲೇ ಕಂಪನಿಗೆ ಪತ್ರ ಅಥವಾ ಇಮೇಲ್ ಮೂಲಕ ತಿಳಿಸುವುದು ಒಳ್ಳೆಯದು. ಕಂಪನಿ ಪ್ರೀಮಿಯಂ ಹೆಚ್ಚಿಸಬಹುದು, ಕಾಯುವ ಅವಧಿ ಹಾಕಬಹುದು, ಪಾಲಿಸಿ ನಿಲ್ಲಿಸಲೂಬಹುದು. ಹಾಗಾದರೂ ಆಸ್ಪತ್ರೆ ಬಿಲ್ ಕೈಯಲ್ಲಿ ಹಿಡಿದು ನಿಂತಾಗ ತಿಳಿಯುವುದಕ್ಕಿಂತ ಇದು ವಾಸಿ.

ತಪ್ಪಿಲ್ಲದೆ ತಿರಸ್ಕಾರವಾದರೆ

ಕೇಸ್ ಶೀಟ್‌ನಲ್ಲಿ ‘ಎರಡು ತಿಂಗಳು’ ಎನ್ನುವ ಬದಲು ‘ಎರಡು ವರ್ಷ’ ಎಂದು ತಪ್ಪಾಗಿ ದಾಖಲಾಗುವುದೂ ಉಂಟು. ಆಗ ಮೊದಲು ಚಿಕಿತ್ಸೆ ಕೊಟ್ಟ ವೈದ್ಯರಿಂದ, ಕಾಯಿಲೆ ಯಾವಾಗ ಪತ್ತೆಯಾಯಿತು ಎಂಬ ಪತ್ರ ಮತ್ತು ಮೊದಲ ಲ್ಯಾಬ್ ರಿಪೋರ್ಟ್ ಪಡೆದು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.