ದೊಡ್ಡಗದ್ದವಳ್ಳಿಯ ಹೆಸರುಗಳು ಮತ್ತು ವರ್ಷಗಳು: ರೂಪಭೇದ ಹಾಗೂ ಕಾಲಭೇದಗಳನ್ನು ಕುರಿತು

ಹಾಸನದಿಂದ ಬೇಲೂರಿನ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ತುಸು ಒಳಗೆ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವಿದೆ. ನಾಲ್ಕು ಗರ್ಭಗುಡಿಗಳುಳ್ಳ ಈ ದೇವಾಲಯವು ಹೊಯ್ಸಳ ವಿಷ್ಣುವರ್ಧನನ ಕಾಲದ್ದು. ಇದನ್ನು ಕಟ್ಟಿಸಿದವರು ಒಬ್ಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಆ ವರ್ತಕನ ಹೆಸರನ್ನು ಒಂದು ಬರಹ ಕುಲ್ಲಹಣ ರಾಹುತ ಎನ್ನುತ್ತದೆ, ಇನ್ನೊಂದು ಕಲ್ಲಹಣ ಎನ್ನುತ್ತದೆ, ಮತ್ತೊಂದು ಕಲ್ಹಣ ರಾವುತ ಎನ್ನುತ್ತದೆ. ದೇವಾಲಯದ ಕಾಲವನ್ನು ಕೆಲವರು 1113 ಎಂದೂ ಕೆಲವರು 1114 ಎಂದೂ ಬರೆಯುತ್ತಾರೆ. ಚರಿತ್ರೆಯ ಪ್ರಬಂಧವನ್ನು ಬರೆಯಹೊರಟವರಿಗೆ ಇವು ಅಚ್ಚಿನ ದೋಷಗಳಂತೆ ಕಾಣುತ್ತವೆ. ಒಂದನ್ನು ಆರಿಸಿಕೊಂಡು ಮುಂದೆ ಹೋಗುವುದು ರೂಢಿ. ಈ ಆಯ್ಕೆಯು ನಿರ್ದೋಷವಲ್ಲವೆಂಬುದೂ, ಪ್ರತಿಯೊಂದು ರೂಪದಲ್ಲಿಯೂ ಪ್ರತಿಯೊಂದು ವರ್ಷದಲ್ಲಿಯೂ ಒಂದು ಹೇಳದ ವಾದ ಅಡಗಿರುತ್ತದೆಯೆಂಬುದೂ ನಮ್ಮ ನಿಲುವು.

ಮೊದಲು ಈ ರೂಪಗಳು ಹುಟ್ಟುವ ಬಗೆಯನ್ನು ಗಮನಿಸೋಣ. ಹಾಸನ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟವಾದವು. ಅಲ್ಲಿ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂಬ ಮೂರು ಹಂತಗಳಿವೆ. ಲಿಪ್ಯಂತರದಲ್ಲಿ ದೀರ್ಘವನ್ನೂ ಮೂರ್ಧನ್ಯವನ್ನೂ ಗುರುತಿಸುವ ಚಿಹ್ನೆಗಳು ಮುಂದಿನ ಇಂಗ್ಲಿಷ್ ಬರಹಗಳಲ್ಲಿ ಸಾಮಾನ್ಯವಾಗಿ ಉದುರಿಹೋಗುತ್ತವೆ. ಅಂಥ ಬರಹವನ್ನು ಆಧರಿಸಿ ಮತ್ತೆ ಕನ್ನಡದಲ್ಲಿ ಬರೆಯುವವರು ಕಳೆದುಹೋದ ಚಿಹ್ನೆಗಳನ್ನು ಊಹೆಯಿಂದ ತುಂಬುತ್ತಾರೆ. ಈ ಊರಿನ ಹೆಸರೇ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ‘ದೊಡ್ಡ’ ಎಂಬಲ್ಲಿಯ ದ್ವಿತ್ವ ಮೂರ್ಧನ್ಯ, ‘ಗದ್ದ’ ಎಂಬಲ್ಲಿಯದು ದಂತ್ಯ. ಕೊನೆಯ ‘ವಳ್ಳಿ’ಯ ದ್ವಿತ್ವವೂ ಮೂರ್ಧನ್ಯವೇ. ಚಿಹ್ನೆಗಳಿಲ್ಲದ ರೋಮನ್ ಬರಹದಲ್ಲಿ ಮೊದಲೆರಡು ದ್ವಿತ್ವಗಳು ಒಂದೇ ಆಗುತ್ತವೆ, ‘ವಳ್ಳಿ’ಗೂ ‘ವಲ್ಲಿ’ಗೂ ಭೇದ ಉಳಿಯುವುದಿಲ್ಲ. ಕನ್ನಡ ಬಲ್ಲವರು ಇದನ್ನು ಸರಿಪಡಿಸಿಕೊಳ್ಳಬಲ್ಲರು, ಏಕೆಂದರೆ ಇವು ಬಳಕೆಯ ಪದಗಳು. ಕುಲ್ಲಹಣನಂಥ ಅಪರೂಪದ ವ್ಯಕ್ತಿನಾಮದ ವಿಷಯದಲ್ಲಿ ಅಂಥ ಆಸರೆಯಿಲ್ಲ. ಆದುದರಿಂದ ಒಂದು ಭಿನ್ನ ರೂಪ ಎದುರಾದಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಶಿಲೆಯ ಮೇಲಿನ ಭೇದವೇ, ಅಥವಾ ಕಾಗದದ ಮೇಲೆ ಹುಟ್ಟಿದ ಭೇದವೇ ಎಂಬುದು. ರೈಸ್ ಅವರ ಪಾಠವನ್ನು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟದ ಪಾಠದೊಡನೆ ಹೋಲಿಸಿದರೆ ಈ ಪ್ರಶ್ನೆಯ ಬಹುಭಾಗ ಇತ್ಯರ್ಥವಾಗುತ್ತದೆ.

ಎರಡನೆಯ ಬಗೆಯ ಭೇದವು ಭಾಷೆಯೊಳಗಿನದು. ರಾಹುತ, ರಾವುತ ಎಂಬ ರೂಪಗಳು ಎರಡೂ ಸಂಸ್ಕೃತದ ‘ರಾಜಪುತ್ರ’ದಿಂದ ಪ್ರಾಕೃತದ ‘ರಾಉತ್ತ’ದ ಮೂಲಕ ಬಂದವು. ಪ್ರಾಕೃತ ರೂಪದಲ್ಲಿ ಎರಡು ಸ್ವರಗಳು ಎದುರುಬದುರಾಗಿ ನಿಂತಿವೆ. ಆ ತೆರಪನ್ನು ಒಂದು ಕಡೆ ವಕಾರ ತುಂಬಿದೆ, ಇನ್ನೊಂದು ಕಡೆ ಹಕಾರ ತುಂಬಿದೆ. ಇಲ್ಲಿ ಒಂದು ಶುದ್ಧ, ಇನ್ನೊಂದು ಅಶುದ್ಧ ಎನ್ನಲು ಆಧಾರವಿಲ್ಲ. ಊರಿನ ಹೆಸರಿನ ವಿಚಾರವೂ ಹೀಗೆಯೇ. ಅದರ ಹಳೆಯ ರೂಪವಾಗಿ ಬರಹಗಳಲ್ಲಿ ಗದುಂಬಳ್ಳಿ, ಗದ್ದುಂಬಳ್ಳಿ ಎಂಬವು ಕಾಣುತ್ತವೆ. ಇಂದಿನ ರೂಪ ಗದ್ದವಳ್ಳಿ. ‘ಬಳ್ಳಿ’ ಮತ್ತು ‘ವಳ್ಳಿ’ ಎರಡೂ ‘ಪಳ್ಳಿ’ಯ ಸಮಾಸಗತ ರೂಪಗಳು. ಅನುನಾಸಿಕದ ಮುಂದೆ ಪಕಾರವು ಬಕಾರವಾಗುವುದನ್ನು ‘ಕಂಬನಿ’ಯಲ್ಲಿಯೂ, ಸ್ವರದ ಮುಂದೆ ವಕಾರವಾಗುವುದನ್ನು ‘ಎಳವೆರೆ’ಯಲ್ಲಿಯೂ ನಾವು ಬಲ್ಲೆವು. ಆದುದರಿಂದ ಈ ಎರಡು ರೂಪಗಳು ಎರಡು ಊರುಗಳನ್ನು ಸೂಚಿಸುತ್ತವೆಂಬ ಸಂಶಯಕ್ಕೆ ಕಾರಣವಿಲ್ಲ. ಆದರೆ ಇಂದಿನ ‘ಗದ್ದ’ವನ್ನು ಕಂಡು ಇದು ‘ಗದ್ದೆ’ಯಿಂದ ಬಂದ ಹೆಸರೆಂದು ತೀರ್ಮಾನಿಸುವುದು ಬೇರೆ ಮಾತು. ‘ಗದ್ದೆ’ಯ ಹಳಗನ್ನಡ ರೂಪ ‘ಗೞ್ದೆ’. ಆಧುನಿಕ ರೂಪವನ್ನು ಮಾತ್ರ ಪ್ರಬಂಧದಲ್ಲಿ ಉಳಿಸಿದರೆ ಓದುಗರು ಆ ನಿಷ್ಪತ್ತಿಯನ್ನು ಪರೀಕ್ಷಿಸುವ ಸಾಧನವನ್ನೇ ಕಳೆದುಕೊಳ್ಳುತ್ತಾರೆ.

ಮೂರನೆಯದು ಹೆಚ್ಚು ಅಪಾಯಕಾರಿಯಾದ ಭೇದ. ಅದು ವ್ಯಾಖ್ಯಾನದಿಂದ ಹುಟ್ಟುವುದು. ಕುಲ್ಲಹಣನನ್ನು ಕಲ್ಹಣನೆಂದು ತಿದ್ದಿದ ಕೂಡಲೇ ರಾಜತರಂಗಿಣಿಯ ಕರ್ತೃವಿನ ಹೆಸರು ನೆನಪಿಗೆ ಬರುತ್ತದೆ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಬಿಲ್ಹಣನೂ ನೆನಪಾಗುತ್ತಾನೆ. ಹೊಯ್ಸಳ ನಾಡಿನ ಈ ವರ್ತಕನು ಉತ್ತರದಿಂದ ಬಂದವನೆಂಬ ಊಹೆಯು ಅಸಂಭವವೇನಲ್ಲ. ‘ರಾಹುತ’ ಎಂಬ ಪದವೂ ಆ ದಿಕ್ಕಿಗೆ ಕೈ ತೋರಬಹುದು. ಆದರೆ ಅದು ವಾದಿಸಿ ಸ್ಥಾಪಿಸಬೇಕಾದ ಊಹೆ. ಅದನ್ನು ಕಾಗುಣಿತದಲ್ಲಿಯೇ ಸೇರಿಸಿಬಿಟ್ಟರೆ, ಮುಂದಿನ ಲೇಖಕರು ಆ ಕಾಗುಣಿತವನ್ನೇ ಪ್ರಮಾಣವಾಗಿ ಎತ್ತಿಕೊಂಡು ಅವನು ಉತ್ತರದವನೆನ್ನುತ್ತಾರೆ. ವಾದವು ತನ್ನ ಬಾಲವನ್ನು ತಾನೇ ಹಿಡಿದಂತಾಗುತ್ತದೆ. ‘ಅಭಿನವ ಕೊಲ್ಲಾಪುರ’ವೆಂಬ ಈ ಊರಿನ ಇನ್ನೊಂದು ಹೆಸರನ್ನು ‘ಅಭಿನವ ಕೊಲ್ಹಾಪುರ’ವೆಂದು ಬರೆಯುವಲ್ಲಿಯೂ ಇದೇ ನಡೆಯುತ್ತದೆ. ಮಹಾಲಕ್ಷ್ಮಿಯ ಕ್ಷೇತ್ರದ ನೆನಪು ಇಲ್ಲಿರುವುದು ನಿಜ. ಆದರೆ ಹಕಾರವುಳ್ಳ ರೂಪ ಇಂದಿನ ನಗರದ್ದು, ಹನ್ನೆರಡನೆಯ ಶತಮಾನದ ಪಾಠದ್ದಲ್ಲ.

ಮೂಲದಲ್ಲಿಯೇ ಏಕರೂಪತೆ ಇರಲೇಬೇಕೆಂಬ ನಿರೀಕ್ಷೆಯೂ ಸರಿಯಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟ ಮೂರ್ತಿಯ ಪಾದದ ಬಳಿಯಿರುವ ಕನ್ನಡ ಬರಹ ಮಾಡಿಸಿದವನನ್ನು ಚಾವುಣ್ಡರಾಜನೆನ್ನುತ್ತದೆ, ತಮಿಳು ಬರಹ ಚಾಮುಣ್ಡರಾಜನೆನ್ನುತ್ತದೆ. ಕನ್ನಡದಲ್ಲಿ ‘ಕುಮಾರ’ವು ‘ಕುವರ’ವಾದಂತೆ ಸ್ವರಮಧ್ಯದ ಮಕಾರ ವಕಾರವಾಗಿದೆ. ಒಂದೇ ಮೂರ್ತಿಯ ಬುಡದಲ್ಲಿ ಒಬ್ಬನೇ ವ್ಯಕ್ತಿಗೆ ಎರಡು ರೂಪಗಳಿರುವಾಗ, ಅವುಗಳಲ್ಲೊಂದನ್ನು ಅಳಿಸುವುದೆಂದರೆ ಒಂದು ಭಾಷೆಯ ಸಾಕ್ಷ್ಯವನ್ನೇ ಅಳಿಸಿದಂತೆ.

ಇನ್ನು ವರ್ಷಗಳ ವಿಚಾರ. 1113 ಮತ್ತು 1114 ಎಂಬವು ಪರಸ್ಪರ ವಿರುದ್ಧವೆಂದು ಭಾವಿಸುವ ಮೊದಲು, ಚಾಂದ್ರಮಾನ ವರ್ಷವು ಚೈತ್ರದಲ್ಲಿ ಆರಂಭವಾಗುವುದನ್ನು ನೆನೆಯಬೇಕು. ವಿಜಯ ಸಂವತ್ಸರವು 1113ರ ಮಾರ್ಚ್ ಸುಮಾರಿಗೆ ಮೊದಲಾಗಿ 1114ರ ಮಾರ್ಚ್ ಸುಮಾರಿಗೆ ಮುಗಿಯುತ್ತದೆ, ಮುಂದಿನದು ಜಯ. ಆದುದರಿಂದ ವಿಜಯದ ಒಂದೇ ಉಲ್ಲೇಖವನ್ನು ಒಬ್ಬರು 1113 ಎಂದೂ ಇನ್ನೊಬ್ಬರು 1114 ಎಂದೂ ಬರೆಯಲು ಅವಕಾಶವಿದೆ. ಪುಷ್ಯಕ್ಕಿಂತ ಹಿಂದಿನ ಮಾಸವಾದರೆ 1113, ಮಾಘ ಫಾಲ್ಗುಣಗಳಾದರೆ 1114; ಮಾಸ ತಿಳಿಯದಿದ್ದರೆ ‘1113–14’ ಎಂಬುದೊಂದೇ ಪ್ರಾಮಾಣಿಕ ಬರವಣಿಗೆ. ಇದು ವಿರೋಧವಲ್ಲ, ಎರಡು ಪಂಚಾಂಗಗಳ ಅಂಚುಗಳು ಕೂಡಿಬಾರದಿರುವುದರ ಫಲ.

ಆದರೆ ಒಂದು ವರ್ಷದ ಅಂತರಕ್ಕೆ ಇನ್ನೊಂದು ಕಾರಣವೂ ಉಂಟು: ಶಕವರ್ಷದ ಸಂಖ್ಯೆಯು ಗತ ವರ್ಷವನ್ನು ಹೇಳುತ್ತದೆಯೋ ವರ್ತಮಾನ ವರ್ಷವನ್ನು ಹೇಳುತ್ತದೆಯೋ ಎಂಬುದು. ಇದನ್ನು ಚಾವುಂಡರಾಯನ ಪುರಾಣದ ಸಮಾಪ್ತಿಯ ತಿಥಿಯಿಂದಲೇ ಪರೀಕ್ಷಿಸಬಹುದು. ಅದು ಶಕ 900, ಈಶ್ವರ ಸಂವತ್ಸರ, ಫಾಲ್ಗುಣ ಶುದ್ಧ ಅಷ್ಟಮಿ, ಸೋಮವಾರ. ಫಾಲ್ಗುಣಕ್ಕೆ 79 ಕೂಡಿಸಬೇಕೆಂಬ ವಾಡಿಕೆಯ ನಿಯಮವನ್ನು ಅನುಸರಿಸಿದರೆ ನಮಗೆ 979ರ ಫೆಬ್ರವರಿ ದೊರೆಯುತ್ತದೆ. ಆದರೆ ಶಕ 900 ಗತವಾದ ವರ್ಷ, ಅಂದರೆ 978–79, ಬಹುಧಾನ್ಯ ಸಂವತ್ಸರ; ಈಶ್ವರವು ಅದರ ಹಿಂದಿನ ವರ್ಷ, 977–78. ಹಾಗಾದರೆ ಇಲ್ಲಿ 900 ಎಂಬುದು ವರ್ತಮಾನ ವರ್ಷದ ಎಣಿಕೆ, ತಿಥಿ ಬೀಳುವುದು 978ರ ಫೆಬ್ರವರಿ 18ಕ್ಕೆ. ಆ ದಿನ ಸೋಮವಾರವೇ ಆಗಿತ್ತು. 979ರಲ್ಲಿ ಅದೇ ತಿಥಿಗೆ ಸೋಮವಾರ ಕೂಡಿಬರುವುದಿಲ್ಲ. ಸಂಖ್ಯೆ, ಸಂವತ್ಸರ, ವಾರ ಎಂಬ ಮೂರು ಸ್ವತಂತ್ರ ಅಂಶಗಳಲ್ಲಿ ಎರಡು ಒಂದೆಡೆ ನಿಂತಾಗ ಮೂರನೆಯದನ್ನು ಹೇಗೆ ಓದಬೇಕೆಂಬುದು ತಾನಾಗಿ ತಿಳಿಯುತ್ತದೆ. ಮಾಸವನ್ನು ಲೆಕ್ಕಿಸದೆ 78 ಮಾತ್ರ ಕೂಡಿಸಿದವರಿಗೂ 978 ಸಿಗುತ್ತದೆಯೆಂಬುದು ನಿಜ. ಅಲ್ಲಿ ಎರಡು ತಪ್ಪುಗಳು ಒಂದನ್ನೊಂದು ಅಳಿಸಿವೆ. ಸರಿಯಾದ ಉತ್ತರವೊಂದೇ ಸರಿಯಾದ ಗಣನೆಗೆ ಸಾಕ್ಷಿಯಲ್ಲ.

ಇದೇ ವಿಧಾನಕ್ಕೆ ಒಂದು ಮಿತಿಯೂ ಇದೆ. ಗೊಮ್ಮಟ ಮೂರ್ತಿಯ ಪಾದದ ಬರಹಗಳಲ್ಲಿ ಕಾಲದ ಉಲ್ಲೇಖವಿಲ್ಲ. ಪ್ರತಿಷ್ಠೆಯು ವಿಭವ ಸಂವತ್ಸರದಲ್ಲಿ ನಡೆಯಿತೆನ್ನುವುದು ತರುವಾಯದ ಬಾಹುಬಲಿ ಚರಿತ. ನಮ್ಮ ದಕ್ಷಿಣದ ಎಣಿಕೆಯಲ್ಲಿ ವಿಭವವು 968–69ಕ್ಕೂ 1028–29ಕ್ಕೂ ಬರುತ್ತದೆ, ಆದಕಾರಣ ವಿದ್ವತ್ ಬರಹಗಳಲ್ಲಿ 1028 ಎಂಬ ಸೂಚನೆಯೂ ಉಂಟು. ಆದರೆ 993ರಲ್ಲಿ ರಚಿತವಾದ ರನ್ನನ ಅಜಿತಪುರಾಣಕ್ಕೆ ಈ ಮೂರ್ತಿಯ ಪರಿಚಯವಿದೆ. ಸಂವತ್ಸರ ಕೂಡಿಬಂದರೂ 1028 ನಿಲ್ಲುವುದಿಲ್ಲ. 978ರಲ್ಲಿ ಮುಗಿದ ಪುರಾಣದಲ್ಲಿ ಚಾವುಂಡರಾಯನೇ ಮೂರ್ತಿಯ ಮಾತೆತ್ತದಿರುವುದು ಕೆಳಗಿನ ಅಂಚನ್ನು ಸೂಚಿಸುತ್ತದೆ. ಅದು ಮೌನದಿಂದ ಎತ್ತಿದ ವಾದವಾದ್ದರಿಂದ ಮೇಲಿನ ಅಂಚಿನಷ್ಟು ಗಟ್ಟಿಯಲ್ಲ. 981 ಎಂಬ ಪ್ರಚಲಿತ ವರ್ಷವು ಈ ಎರಡು ಅಂಚುಗಳ ನಡುವೆ ಬೀಳುತ್ತದೆ. ಪ್ರಬಂಧದಲ್ಲಿ ಅದನ್ನು ಬರೆಯುವವರು ಅದು ಶಾಸನೋಕ್ತವಲ್ಲ, ಗಣನೆಯಿಂದ ಪಡೆದುದೆಂದು ಒಂದು ವಾಕ್ಯದಲ್ಲಿ ಹೇಳಬೇಕು.

ಮೇಲಿನ ವಿಚಾರದಿಂದ ದೊಡ್ಡಗದ್ದವಳ್ಳಿಯ ಪ್ರಬಂಧಕ್ಕೆ ನಾವು ಅನುಸರಿಸುವ ಕ್ರಮ ಹೀಗಾಗುತ್ತದೆ. ಊರನ್ನು ಇಂದಿನ ಹೆಸರಿನಿಂದ ಕರೆದು, ಮೊದಲ ಉಲ್ಲೇಖದಲ್ಲಿ ಹಳೆಯ ರೂಪಗಳನ್ನು ಪಕ್ಕದಲ್ಲಿಡುತ್ತೇವೆ. ವ್ಯಕ್ತಿಯನ್ನು ಶಾಸನಪಾಠದ ರೂಪದಿಂದಲೇ ಕರೆಯುತ್ತೇವೆ; ಬೇರೆ ಲೇಖಕರ ಮಾತನ್ನು ಎತ್ತುವಾಗ ಅವರ ಕಾಗುಣಿತವನ್ನು ತಿದ್ದುವುದಿಲ್ಲ; ಪದಸೂಚಿಯಲ್ಲಿ ಎಲ್ಲ ರೂಪಗಳನ್ನೂ ಕೊಟ್ಟು ಒಂದೇ ಉಲ್ಲೇಖಕ್ಕೆ ಕಳುಹಿಸುತ್ತೇವೆ. ಕಲ್ಹಣನೆಂಬ ಸಮೀಕರಣವನ್ನು ಚರ್ಚೆಯ ಭಾಗದಲ್ಲಿ, ಊಹೆಯೆಂಬ ಹೆಸರಿನಲ್ಲಿಯೇ ಇಡುತ್ತೇವೆ. ಕಾಲವನ್ನು ಹೇಳುವಾಗ ಮೂಲದ ಸಂವತ್ಸರ, ಮಾಸ, ತಿಥಿಗಳನ್ನು ಮೊದಲು ಬರೆದು, ನಮ್ಮ ಪರಿವರ್ತನೆಯನ್ನು ಅನಂತರ ಕೊಡುತ್ತೇವೆ. ಆಗ ನಮ್ಮ ಗಣನೆಯಲ್ಲಿ ತಪ್ಪಿದ್ದರೆ ಅದನ್ನು ಹಿಡಿಯುವ ದಾರಿ ಓದುಗರ ಕೈಯಲ್ಲಿಯೇ ಇರುತ್ತದೆ.