ಒಣತೂಕದ ಲೆಕ್ಕ ಮತ್ತು ದಾಂಪತ್ಯ: ಡಯಾಲಿಸಿಸ್ ರೋಗಿಯ ಆತ್ಮಭಾವದ ಬಗ್ಗೆ

ದೀರ್ಘಕಾಲದ ಕಾಯಿಲೆ ಬಾಳಿನ ಕಥೆಯನ್ನೇ ನಡುವೆ ಕಡಿದುಹಾಕುತ್ತದೆ ಎಂದು ಸಮಾಜಶಾಸ್ತ್ರಜ್ಞ ಮೈಕಲ್ ಬ್ಯೂರಿ 1982ರಲ್ಲಿ ಸಂಧಿವಾತದ ರೋಗಿಗಳನ್ನು ಮಾತನಾಡಿಸಿ ವಾದಿಸಿದರು. ಮರುವರ್ಷ ಕ್ಯಾಥಿ ಚಾರ್ಮಾಜ್, ಕಾಯಿಲೆಯನ್ನು ದೈಹಿಕ ನೋವೆಂದಷ್ಟೇ ನೋಡಿದರೆ ರೋಗಿ ತನ್ನನ್ನೇ ಕಳೆದುಕೊಳ್ಳುವ ಸಂಕಟ ಕಣ್ಣಿಗೆ ಬೀಳುವುದಿಲ್ಲ ಎಂದರು. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ಕಿಡ್ನಿ ವೈಫಲ್ಯದಲ್ಲಿ ಈ ಕಡಿತ ರೋಗ ಗೊತ್ತಾದ ದಿನವೇ ಆಗಿಬಿಡುವುದಿಲ್ಲ. ಡಯಾಲಿಸಿಸ್ ತರುವ ಸಣ್ಣಪುಟ್ಟ ಲೆಕ್ಕಗಳು ಮನೆಯೊಳಗೆ ಹೊಕ್ಕಂತೆ ಅದು ದಿನದಿನವೂ ನಡೆಯುತ್ತದೆ ಎಂಬುದು ನನ್ನ ವಾದ.

ಮೊದಲು ಕೈಯನ್ನೇ ನೋಡೋಣ. ಹೆಚ್ಚು ಬಳಸದ ಕೈಯ ಮಣಿಕಟ್ಟಿನ ಬಳಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಫಿಸ್ಟುಲಾ ಮಾಡುತ್ತಾರೆ. ಅದು ಸೂಜಿ ತಾಳುವಷ್ಟು ಬಲಿಯಲು ಕೆಲವು ವಾರಗಳು ಬೇಕು. ಆಮೇಲೆ ಆ ಕೈಯಲ್ಲಿ ಬಿಪಿ ನೋಡುವಂತಿಲ್ಲ, ಭಾರ ಎತ್ತುವಂತಿಲ್ಲ, ಅದನ್ನು ಅಡಿಗೆ ಹಾಕಿ ಮಲಗುವಂತಿಲ್ಲ. ಮುಟ್ಟಿದರೆ ಒಳಗೆ ಜುಮುಜುಮು ಎನ್ನುವ ಕಂಪನ ಸಿಗುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿರಬಹುದೆಂದು ಕೂಡಲೇ ಆಸ್ಪತ್ರೆಗೆ ಓಡಬೇಕು. ಗಂಡಸರು ಉಬ್ಬಿದ ನರವನ್ನು ತುಂಬುತೋಳಿನ ಅಂಗಿಯಲ್ಲಿ ಮುಚ್ಚಿಕೊಳ್ಳಬಹುದು. ಹೆಂಗಸರಿಗೆ ಆ ಅನುಕೂಲ ಕಡಿಮೆ. ಬಿಗಿಯಾದ ಬಳೆ ಬೇಡ ಎಂಬ ಸೂಚನೆ ಆಸ್ಪತ್ರೆಯವರಿಗೆ ಒಂದು ಸಾಲು, ಅಷ್ಟೇ. ಬೋಳು ಕೈಯನ್ನು ಅಪಶಕುನವೆಂದು ಕಾಣುವ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೊರಟ ಮುತ್ತೈದೆಗೆ ಅದು ಅಷ್ಟು ಸಲೀಸಲ್ಲ. ಸಡಿಲ ಬಳೆ ಹಾಕಬಹುದೇ, ಒಂದೇ ಕೈಗೆ ಹಾಕಿದರೆ ನಡೆಯುತ್ತದೆಯೇ ಎಂದು ಅವಳು ಡಾಕ್ಟರನ್ನು ಕೇಳುವುದು ಅಪರೂಪ; ಅತ್ತೆಯ ಮುಖ ನೋಡುತ್ತಾಳೆ.

ಮನಸ್ತಾಪ ದಿನವೂ ಹುಟ್ಟುವುದು ನೀರಿನ ಸುತ್ತ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಕೂಡಿಸಿ ಒಂದು ಮಾದರಿ ಕಟ್ಟುತ್ತೇನೆ. ರೋಗಿ ನಲವತ್ತೈದರ ರೈತ. ಒಣತೂಕ, ಎಂದರೆ ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ, 58 ಕಿಲೋ. ಮೂತ್ರ ಬಹುತೇಕ ನಿಂತಿದೆ. ದಿನಕ್ಕೆ ಮುಕ್ಕಾಲು ಲೀಟರಿನೊಳಗೆ ಕುಡಿಯಲು ಹೇಳಿದ್ದಾರೆ. ಎರಡು ದಿನ ಬಿಟ್ಟು ಬಂದಾಗ ತಕ್ಕಡಿ 61.2 ತೋರಿಸುತ್ತದೆ. 3.2 ಲೀಟರನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕೆಂದರೆ ಗಂಟೆಗೆ 800 ಮಿ.ಲೀ., ಕಿಲೋಗೆ ಸುಮಾರು 14 ಮಿ.ಲೀ. ಸಾಮಾನ್ಯವಾಗಿ 13 ದಾಟಬಾರದೆನ್ನುತ್ತಾರೆ. ಮೂರನೇ ಗಂಟೆಗೆ ಮೀನಖಂಡ ಸೆಟೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. "ಎಷ್ಟು ಹೇಳಿದ್ರೂ ಕೇಳಲ್ಲ ಸಾರ್, ಕದ್ದು ಕುಡೀತಾರೆ" ಎಂದು ಹೆಂಡತಿ ದೂರುತ್ತಾಳೆ. ಆತ ಗೋಡೆಯ ಕಡೆ ತಿರುಗುತ್ತಾನೆ. ಅಂದಿನಿಂದ ಕೊಡಪಾನ ಅಡುಗೆಮನೆಯ ಒಳಗೆ ಹೋಗುತ್ತದೆ. ಊರ ಪಂಚಾಯ್ತಿಗೆ ಕೂರುತ್ತಿದ್ದವನು ಲೋಟ ನೀರಿಗೆ ಮಗಳನ್ನು ಬೇಡಬೇಕಾಗುತ್ತದೆ.

ಇಲ್ಲಿ ತಪ್ಪು ಹೊತ್ತವನು ತಪ್ಪಿತಸ್ಥನೇ ಅಲ್ಲದಿರಬಹುದು. ಸುಮಾರು 8 ಗ್ರಾಂ ಉಪ್ಪು ಮೈಯಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ದಿನಕ್ಕೆ 10 ಗ್ರಾಂ ತಿಂದರೆ ಎರಡು ದಿನಕ್ಕೆ ಎರಡು ಲೀಟರಿನ ಮೇಲಾಯಿತು. ಉಪ್ಪಿನಕಾಯಿ, ಹಪ್ಪಳ, ಖಾರವಾದ ಉಪ್ಪೆಸರು ತಟ್ಟೆಯಲ್ಲಿ ಇರುವಷ್ಟು ದಿನ ದಾಹ ಸಂಕಲ್ಪಕ್ಕೆ ಬಗ್ಗುವುದಿಲ್ಲ. ಹೆಂಡತಿ ಲೋಟ ಕಾಯುತ್ತಾಳೆ, ಉಪ್ಪು ಅವಳ ಕೈಯಿಂದಲೇ ಬಡಿಸಲ್ಪಡುತ್ತದೆ. ಇದನ್ನು ಅವಳ ತಪ್ಪೆನ್ನುವುದೂ ಅನ್ಯಾಯ; ಒಬ್ಬರಿಗಾಗಿ ಇಡೀ ಮನೆಯ ಸಾರು ಸಪ್ಪೆಯಾಗಬೇಕು, ಅದಕ್ಕೆ ಎಲ್ಲರೂ ಒಪ್ಪಬೇಕು. ರಕ್ತಪರೀಕ್ಷೆಯಲ್ಲಿ ಸೋಡಿಯಂ ಸರಿಯಾಗಿದ್ದೂ ತೂಕ ಏರುತ್ತಿದ್ದರೆ ಉಪ್ಪಿನ ಮೇಲೆ ಗುಮಾನಿಪಡುವುದು ನ್ಯಾಯ: ಕೇವಲ ನೀರು ಹೆಚ್ಚಾಗಿದ್ದರೆ ಆ ಅಂಕಿ ಇಳಿಯುವ ಸಂಭವ ಹೆಚ್ಚು. ಇಷ್ಟನ್ನು ಯಾರಾದರೂ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರೆ "ಕದ್ದು ಕುಡಿದ" ಎಂಬ ಆರೋಪದ ಅರ್ಧ ತೂಕ ಇಳಿದೀತು.

ಹಾಸಿಗೆಯ ವಿಷಯ ಇಷ್ಟು ಬಾಯಿಬಿಟ್ಟು ಬರುವುದಿಲ್ಲ. ಡಯಾಲಿಸಿಸ್ ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಬಹಳ ಸಾಮಾನ್ಯ. ಹೆಂಗಸರಲ್ಲಿ ಮುಟ್ಟು ಏರುಪೇರಾಗುತ್ತದೆ, ಬಯಕೆ ಬತ್ತುತ್ತದೆ. ಇದರ ಹಿಂದೆ ರಕ್ತಹೀನತೆ, ಏರಿದ ಪ್ರೊಲ್ಯಾಕ್ಟಿನ್, ಕೆಲವು ಬಿಪಿ ಮಾತ್ರೆಗಳು, ಖಿನ್ನತೆ ಇರಬಹುದು, ಹಲವು ಒಟ್ಟಿಗೇ ಇರಬಹುದು. ಗಂಡ ತನ್ನ ಗಂಡಸುತನ ಮುಗಿಯಿತೆಂದು ತಿಳಿಯುತ್ತಾನೆ. ಹೆಂಡತಿ, ಲೋಟ ಕಿತ್ತುಕೊಂಡ ಸಿಟ್ಟು ಇನ್ನೂ ಆರಿಲ್ಲವೆಂದು ತಿಳಿಯುತ್ತಾಳೆ. ಇಬ್ಬರೂ ಕಾಯಿಲೆಯ ಲಕ್ಷಣವನ್ನು ಬೇರೇನೋ ಆಗಿ ಓದುತ್ತಿದ್ದಾರೆ. ಹಿಮೋಗ್ಲೋಬಿನ್ ನೋಡಿ, ಮಾತ್ರೆಗಳ ಪಟ್ಟಿ ಪರಿಶೀಲಿಸಿ ಅಷ್ಟಿಷ್ಟು ಸರಿಪಡಿಸಬಹುದಾದದ್ದೂ ಹೀಗೆ ಕೇಳದೆ ಉಳಿಯುತ್ತದೆ. ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅಂಗಡಿಯಿಂದ ತಾವೇ ಸಿಲ್ಡೆನಾಫಿಲ್ ತಂದು ನುಂಗಿದರೆ ಬಿಪಿ ಅಪಾಯದ ಮಟ್ಟಕ್ಕೆ ಬೀಳುತ್ತದೆ. ನಾಚಿಕೆಯಿಂದ ಮುಚ್ಚಿಟ್ಟದ್ದು ಇಲ್ಲಿ ಪ್ರಾಣಕ್ಕೇ ಬರುತ್ತದೆ.

ಈ ವಿವರಣೆಗೆ ಮಿತಿಯಿದೆ. ಇದು ಮದುವೆಯಾಗಿ ವರ್ಷಗಳಾದವರ ಚಿತ್ರ. ಇಪ್ಪತ್ತರ ಹುಡುಗಿಗೆ ಫಿಸ್ಟುಲಾ ಬಂದಾಗ ಪ್ರಶ್ನೆ ದಾಂಪತ್ಯದ್ದಲ್ಲ, ಸಂಬಂಧ ಕುದುರುವುದರದ್ದು. ಇನ್ನು 1994ರ ಅಂಗಾಂಗ ಕಸಿ ಕಾಯ್ದೆ ಗಂಡ ಹೆಂಡಿರನ್ನು ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಸೇರಿಸಿದ್ದರಿಂದ, ಕಿಡ್ನಿ ಕೊಡುವ ಮಾತು ಎದ್ದ ಮನೆಯಲ್ಲಿ ಋಣದ ಲೆಕ್ಕ ಬೇರೆಯೇ ಶುರುವಾಗುತ್ತದೆ. ಅದನ್ನು ಪ್ರತ್ಯೇಕವಾಗಿಯೇ ನೋಡಬೇಕು.