ನಿವೃತ್ತಿ: ತಿರುಗಿ ನಡೆದವರ ಮಾತು

ನಮ್ಮ ಶಾಖೆಯಿಂದ ಒಬ್ಬರು ಹೊರಟರು. ವಯಸ್ಸು 52. ಬ್ಯಾಂಕಿನಲ್ಲಿ 27 ವರ್ಷ ಕೆಲಸ ಮಾಡಿದವರು, ಇನ್ನೂ 8 ವರ್ಷ ಇರಬಹುದಿತ್ತು. ಮದ್ದಳೆ ಕಟ್ಟುವುದಕ್ಕೆಂದು ಸ್ವಯಂ ನಿವೃತ್ತಿ ತಗೊಂಡರು. ಬೀಳ್ಕೊಡುಗೆಯ ಕಾರ್ಡಿನಲ್ಲಿ ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆವತ್ತಿನಿಂದ ಈ ‘ನಿವೃತ್ತಿ’ ಎಂಬ ಪದ ನನ್ನನ್ನು ಬಿಟ್ಟಿಲ್ಲ.

ಮೊದಲು ಕ್ರಿಯಾಪದ ನೋಡಿ. ಅರುವತ್ತು ತುಂಬಿದವರು ರಿಟೈರ್ ‘ಆಗುತ್ತಾರೆ’, ಸರ್ಕಾರಿ ಕಾಗದದ ಭಾಷೆಯಲ್ಲಿ ವಯೋನಿವೃತ್ತಿ ‘ಹೊಂದುತ್ತಾರೆ’. ಅದು ಮಳೆ ಬಂದ ಹಾಗೆ, ತಾನಾಗಿ ಬರುವಂಥದ್ದು. ಆದರೆ ವಿಆರ್‌ಎಸ್ ಯಾರಿಗೂ ‘ಆಗುವುದಿಲ್ಲ’. ಅದನ್ನು ‘ತಗೊಳ್ಳುತ್ತಾರೆ’. ಯಾವ ವ್ಯಾಕರಣ ಪುಸ್ತಕವನ್ನೂ ತೆರೆಯದ ನಮ್ಮ ಜವಾನರೂ ಇದರಲ್ಲಿ ತಪ್ಪುವುದಿಲ್ಲ. ಕೈಚಾಚಿ ತೆಗೆದುಕೊಂಡದ್ದು ಎಂಬ ತಿಳಿವು ಮಾತಿನೊಳಗೇ ಇದೆ.

ಪದದ ಅರ್ಥದಲ್ಲಿ ಮಾತ್ರ ನಾವೆಲ್ಲ ಎಡವುತ್ತೇವೆ. ವೃತ್ತಿ ಇಲ್ಲದಿರುವುದೇ ನಿವೃತ್ತಿ ಎಂದು ನಾನೂ ಬಹಳ ಕಾಲ ನಂಬಿದ್ದೆ. ಇಲ್ಲ ಎನ್ನುವುದಕ್ಕಾದರೆ ಮುಂದೆ ‘ನಿರ್’ ಬರಬೇಕಿತ್ತು, ನಿರುದ್ಯೋಗ, ನಿರಾಶ್ರಯ ಎನ್ನುವ ಹಾಗೆ. ಇಲ್ಲಿರುವುದು ಬರೀ ‘ನಿ’. ಒಳಗಿನ ಧಾತು ‘ವೃತ್’, ಅಂದರೆ ತಿರುಗು. ಗಣಿತದ ವೃತ್ತ, ಪುಸ್ತಕದ ಆವೃತ್ತಿ, ಎಲ್ಲವೂ ಅದರ ಮಕ್ಕಳೇ. ನಿವೃತ್ತಿ ಎಂದರೆ ಹೋಗುತ್ತಿದ್ದ ದಾರಿಯಿಂದ ತಿರುಗಿ ಬರುವುದು, ಮರಳುವುದು. ಹವ್ಯಾಸಕ್ಕೆ ನಾವು ಹೇಳುವ ‘ಪ್ರವೃತ್ತಿ’ಯಲ್ಲೂ ಅದೇ ಧಾತು ಇದೆ, ಅದು ಮುಂದಕ್ಕೆ ಹೊರಳುವುದು. ನೆರೆಯ ತೆಲುಗಿನವರ ‘ಪದವೀ ವಿರಮಣ’ದಲ್ಲಿ ನಿಲ್ಲುವುದಿದೆ, ತಮಿಳಿನ ‘ಓಯ್‌ವು’ ಪದದಲ್ಲಿ ದಣಿವಾರಿಸಿಕೊಳ್ಳುವುದಿದೆ. ನಮ್ಮ ಪದದಲ್ಲಿ ನಿಲ್ಲುವುದೂ ಇಲ್ಲ, ಮಲಗುವುದೂ ಇಲ್ಲ. ಅರುವತ್ತಕ್ಕೆ ಹೊರಟವರಿಗಿಂತ ಐವತ್ತೆರಡಕ್ಕೆ ತಿರುಗಿ ನಡೆದವರಿಗೇ ಅದು ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ.

ಈ ಪದದ ಬದಲಿಗೆ ಇನ್ನೊಂದನ್ನು ಬರೆದರೆ ಎಷ್ಟು ನಷ್ಟ ಎಂಬುದನ್ನೂ ನಾನು ಈ ಗೆಳೆಯರಿಂದಲೇ ಕಂಡೆ. ಜುಲೈಯಲ್ಲಿ ಒಂದು ಸಂಜೆ ಅವರು ತಮ್ಮ ಅರ್ಜಿಯ ಕರಡು ತಂದು ನನ್ನ ಮೇಜಿನ ಮೇಲಿಟ್ಟರು. ಮೂರೇ ಸಾಲು. ಎರಡನೆಯ ಸಾಲಿನಲ್ಲಿ ‘ರಾಜೀನಾಮೆ ನೀಡುತ್ತಿದ್ದೇನೆ’ ಎಂದಿತ್ತು.

“ಎಂಥ ಮಾರಾಯ್ರೆ ಇದು, ಪಿಂಚಣಿ ಬೇಡವಾ ನಿಮಗೆ?” ಎಂದೆ.

“ಎರಡೂ ಒಂದೇ ಅಲ್ವಾ? ಹೇಗೂ ಬಿಡುವುದೇ” ಎಂದರು.

ಒಂದೇ ಅಲ್ಲ. 1995ರ ಬ್ಯಾಂಕ್ ನೌಕರರ ಪಿಂಚಣಿ ನಿಯಮದ ಪ್ರಕಾರ ರಾಜೀನಾಮೆ ಕೊಟ್ಟವನ ಹಿಂದಿನ ಸೇವೆಯಷ್ಟೂ ಅಳಿಸಿಹೋಗುತ್ತದೆ. ಗ್ರಾಚ್ಯುಟಿ ಸಿಕ್ಕೀತು, ತನ್ನ ಪಾಲಿನ ಪಿಎಫ್ ಸಿಕ್ಕೀತು, ತಿಂಗಳ ಪಿಂಚಣಿ ಮಾತ್ರ ಇಲ್ಲ. ಸ್ವಯಂ ನಿವೃತ್ತಿಗೆ ಬೇರೆಯೇ ದಾರಿ. 20 ವರ್ಷ ಅರ್ಹ ಸೇವೆ ಆಗಿರಬೇಕು, ನೇಮಕಾತಿ ಅಧಿಕಾರಿಗೆ ಕನಿಷ್ಠ ಮೂರು ತಿಂಗಳ ಲಿಖಿತ ನೋಟಿಸ್ ಕೊಡಬೇಕು. ಆ ಅವಧಿ ಮುಗಿಯುವುದರೊಳಗೆ ಅವರು ನಿರಾಕರಿಸದಿದ್ದರೆ ಮುಗಿದ ದಿನವೇ ನಿವೃತ್ತಿ ಜಾರಿಗೆ ಬರುತ್ತದೆ. ಮನಸ್ಸು ಬದಲಾದರೆ ಆ ದಿನಕ್ಕೆ ಮೊದಲೇ ನೋಟಿಸ್ ಹಿಂದೆ ಪಡೆಯಲು ಕೇಳಬೇಕು, ಅದಕ್ಕೂ ಒಪ್ಪಿಗೆ ಬೇಕು.

ಲೆಕ್ಕ ಹಾಕಿ ತೋರಿಸಿದೆ. ಅವರು 1998ರಲ್ಲಿ ಸೇರಿದವರು, ಆದ್ದರಿಂದ ಹಳೆಯ ಪಿಂಚಣಿಯ ಪಂಗಡ. ಪೂರ್ಣ ಪಿಂಚಣಿಗೆ 33 ವರ್ಷ ಬೇಕು. ಕೊನೆಯ ಹತ್ತು ತಿಂಗಳ ಸರಾಸರಿ ವೇತನದ ಅರ್ಧ ಅದು. ಕಡಿಮೆ ಸೇವೆಗೆ ಅದೇ ಪ್ರಮಾಣದಲ್ಲಿ ಇಳಿಕೆ. ಅವರದ್ದು 27, ಅಂದರೆ ಮೂವತ್ತಮೂರರಲ್ಲಿ ಇಪ್ಪತ್ತೇಳು ಪಾಲು. ಆದರೆ ಸ್ವಯಂ ನಿವೃತ್ತಿಯಾದವರ ಸೇವೆಗೆ ಗರಿಷ್ಠ 5 ವರ್ಷ ಸೇರಿಸಿ ಎಣಿಸಲು ನಿಯಮದಲ್ಲಿ ಅವಕಾಶವಿದೆ. ಒಟ್ಟು ಮೂವತ್ತಮೂರನ್ನು ಮೀರಬಾರದು, ವಯೋನಿವೃತ್ತಿಯ ದಿನವನ್ನೂ ದಾಟಬಾರದು. ಹಾಗೆ ಅವರ ಲೆಕ್ಕ 32ಕ್ಕೆ ಬಂತು. ಪೂರ್ಣಕ್ಕೆ ಒಂದೇ ಪಾಲು ಕಮ್ಮಿ. ರಾಜೀನಾಮೆ ಎಂದಿದ್ದರೆ ಸೊನ್ನೆ.

ಈ ರಾಜೀನಾಮೆಯ ಹಿಂದಿನ ಜನ್ಮವೂ ಸ್ವಾರಸ್ಯದ್ದು. ಪಾರ್ಸಿಯಿಂದ ಬಂದ ಪದ. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಬರಹ. ಕೋರ್ಟಿನಲ್ಲಿ ಎರಡೂ ಕಡೆಯವರು ‘ರಾಜಿ’ ಆಗುವಾಗ ಆ ಹಳೆಯ ಅರ್ಥ ಇಂದಿಗೂ ಬದುಕಿದೆ. ಮುಂಬಯಿ ಪ್ರಾಂತ್ಯದ ಕಂದಾಯ ವ್ಯವಸ್ಥೆಯಲ್ಲಿ ರೈತ ತನ್ನ ಜಮೀನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದದ್ದೂ ರಾಜೀನಾಮೆಯೇ. ಹಿಡಿದದ್ದನ್ನು ಒಪ್ಪಿ ಕೈಬಿಡುವ ಕಾಗದ ಅದು. ಬಿಟ್ಟ ಮೇಲೆ ಆ ಹೊಲದ ಮೇಲೆ ಹಕ್ಕಿಲ್ಲ. ತಿರುಗಿ ಬರುವವನಿಗೆ ಹಾಗಲ್ಲ, ನಡೆದ ದಾರಿ ಅವನ ಹಿಂದೆ ಇದ್ದೇ ಇರುತ್ತದೆ.

ಗೆಳೆಯರು ಕರಡು ತಿದ್ದಿದರು. ಜುಲೈ ಕೊನೆಯಲ್ಲಿ ನೋಟಿಸ್ ಹೋಯಿತು, ಅಕ್ಟೋಬರ್ ಕೊನೆಗೆ ಅವಧಿ ಮುಗಿಯಿತು. ಆ ತಿಂಗಳುಗಳನ್ನು ಅವರು ಯೋಚಿಸಿಯೇ ಆರಿಸಿದ್ದರು. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ತಿಂಗಳ ಪತ್ತನಾಜೆಗೆ ಮುಗಿಯುತ್ತದೆ. ನಡುವಿನ ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ, ರಿಪೇರಿಗೆ ಮದ್ದಳೆಗಳು ಬಂದು ಬೀಳುತ್ತವೆ. ಮದ್ದಳೆಯ ಬಲಮುಖದ ಮೇಲಿನ ಕರಿಯ ಬೊಟ್ಟು, ಅವರ ಬಾಯಲ್ಲಿ ‘ಕರ್ಣ’, ಒಂದೇ ಸಲ ಮೆತ್ತಿದರೆ ನಿಲ್ಲುವುದಿಲ್ಲ. ಅನ್ನ ಮತ್ತು ಕಿಟ್ಟದ ಪುಡಿ ಅರೆದ ಹಿಟ್ಟನ್ನು ತೆಳ್ಳಗೆ ಹಚ್ಚಿ, ನುಣುಪು ಕಲ್ಲಿನಿಂದ ತೀಡಿ, ಆರಿದ ಮೇಲೆ ಮತ್ತೊಂದು ಪದರ. ಅವಸರದಲ್ಲಿ ದಪ್ಪ ಹಚ್ಚಿದರೆ ಬಿರುಕು ಬಿಟ್ಟು ಎದ್ದುಬರುತ್ತದೆ, ನಾದ ಒಡೆಯುತ್ತದೆ. “ಭಾನುವಾರದ ಕೆಲಸ ಅಲ್ಲ ಇದು” ಎಂದು ಇಪ್ಪತ್ತು ವರ್ಷ ಹೇಳುತ್ತಲೇ ಇದ್ದರು.

ಕೊನೆಯ ದಿನ ಗೋಡೆಗೆ ಬ್ಯಾನರ್ ಬಂತು: ‘ವಿಶ್ರಾಂತ ಜೀವನ ಸುಖಮಯವಾಗಿರಲಿ’. ವಿಶ್ರಾಂತ ಒಳ್ಳೆಯ ಪದ. ವಿಶ್ರಾಂತ ಕುಲಪತಿ ಎನ್ನುವಾಗ ಅದಕ್ಕೆ ತೂಕವಿದೆ. ಈ ಮನುಷ್ಯನ ಮೇಲೆ ಮಾತ್ರ ಅದು ಎರವಲು ಅಂಗಿಯಂತೆ ಕಂಡಿತು. ಬೆಳಗ್ಗೆ ಐದಕ್ಕೆ ಎದ್ದು ಚರ್ಮ ನೆನೆಹಾಕುವವರಿಗೆ ಎಲ್ಲಿಯ ವಿಶ್ರಾಂತಿ? ಬೀಳ್ಕೊಡುಗೆ ಎಂಬ ಪದವೇ ಎಷ್ಟೋ ವಾಸಿ. ಹೋಗುವವರು ಬೀಳ್ಕೊಳ್ಳುತ್ತಾರೆ, ಉಳಿದವರು ಬೀಳ್ಕೊಡುತ್ತಾರೆ. ಕೊಳ್ಳುವುದೂ ಕೊಡುವುದೂ ಎರಡೂ ಕೈಗಳಿಂದ ಆಗುತ್ತದೆ.

ಕಾರ್ಡು ಎರಡು ದಿನ ನನ್ನ ಡ್ರಾಯರಿನಲ್ಲಿತ್ತು. ಆಯುರಾರೋಗ್ಯ ಎಂದು ಬರೆಯಹೊರಟು ಬಿಟ್ಟೆ. ಅದನ್ನು ಎಲ್ಲರೂ ಬರೆದಿದ್ದರು, ಮನಸಾರೆ ಬರೆದಿದ್ದರು. ‘ವೃತ್’ ಎಂದರೆ ತಿರುಗು ಎಂಬುದು ತಲೆಯಲ್ಲಿತ್ತು, ಮೇಳದವರ ‘ತಿರುಗಾಟ’ ಪಕ್ಕದಲ್ಲಿ ಬಂದು ಕೂತಿತು. ಸಂಸ್ಕೃತದ್ದನ್ನು ಅವರ ಕಸುಬಿನ ಕನ್ನಡಕ್ಕೆ ತಂದರೆ ಸಾಕಲ್ಲ ಎನಿಸಿತು. ಹೀಗೆ ಬರೆದೆ: ‘ನಿಮ್ಮ ತಿರುಗಾಟಕ್ಕೆ ಶುಭವಾಗಲಿ. ನೀವು ಕಟ್ಟಿದ ಮದ್ದಳೆಗಳ ಶ್ರುತಿ ಕಡೆಯ ರಾತ್ರಿಯವರೆಗೂ ನಿಲ್ಲಲಿ.’

ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಕಾರ್ಡನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

“ನಿಂತಿತಾ ಇಲ್ಲವಾ, ಪತ್ತನಾಜೆಗೆ ಹೇಳ್ತೇನೆ ಮಾರಾಯ್ರೆ” ಎಂದರು.